ಸುಟ್ಟ ಮೋಟರ್, ನುಡಿ ಫಾಂಟಿನ ದೂರು: ನಾನು ಉತ್ತರ ಬರೆದ ರೀತಿ

ಪಂಪ್‌ಸೆಟ್ ಕಂಪನಿಯೊಂದರ ದೂರು ವಿಭಾಗದಲ್ಲಿದ್ದೇನೆ. ಗದಗ ಕಡೆಯ ರೈತರೊಬ್ಬರ ಮೇಲ್ ಬಂದಾಗ ತೆರೆಯ ಮೇಲೆ ಕಂಡದ್ದು `£Á£ÀÄ` ಥರದ ಸಾಲುಗಳು. ಸೈಬರ್ ಸೆಂಟರಿನವನು ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪಿಸಿದ್ದ. ಯುನಿಕೋಡ್‌ಗೆ ಪರಿವರ್ತಿಸಿದರೆ ಕೆಲವು ಅರ್ಕಾವತ್ತುಗಳು ಜಾಗ ತಪ್ಪಿರುತ್ತವೆ. ಅದಕ್ಕೆ ನನ್ನದೇ ಒಂದು ಫೈಂಡ್-ರಿಪ್ಲೇಸ್ ಪಟ್ಟಿ ಇದೆ, ಅದನ್ನು ಮಾತ್ರ ಕೇಳಬೇಡಿ.

ಮೊದಲೆಲ್ಲ ಇಂಥವು ಹೊರಗಿನ ಅನುವಾದಕರಿಗೆ ಹೋಗುತ್ತಿದ್ದವು. ಪದಕ್ಕೆ ಎರಡು ರೂಪಾಯಿಯ ಆಸುಪಾಸು, ಎಷ್ಟೇ ಚಿಕ್ಕದಿದ್ದರೂ ಐನೂರಕ್ಕೆ ಕಡಿಮೆ ಇಲ್ಲ. ದುಡ್ಡಿಗಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಈ ಮೇಲೂ ಅವರಿಗೇ ಹೋಗಿತ್ತು. ರೈತರು ಬರೆದದ್ದು: ‘ಅಂಗಡಿಗೆ ಒಯ್ದು ಕೊಟ್ಟೆ. ಬಿಚ್ಚಿ ನೋಡಿದ್ರ ವೈಂಡಿಂಗ್ ಸುಟ್ಟೈತಂತ. ಎತ್ತಿ ಇಳಿಸಾಕ ಆರು ಸಾವಿರ ಹೋತು, ಅದನ್ನ ಯಾರು ಕೊಡ್ತಾರ?’ ಬಿಚ್ಚಿದವರು ಯಾರು ಅಂತ ವಾಕ್ಯದಲ್ಲಿಲ್ಲ. ಅನುವಾದಕರ ಇಂಗ್ಲಿಷಿನಲ್ಲಿ ‘ನಾನೇ ಬಿಚ್ಚಿ ನೋಡಿದೆ’ ಎಂದಾಯಿತು. ಗ್ರಾಹಕರೇ ಬಿಚ್ಚಿದ ಮೋಟರಿಗೆ ನಮ್ಮಲ್ಲಿ ವಾರಂಟಿ ಇಲ್ಲ. ಇಪ್ಪತ್ತೈದು ಸಾವಿರದ ಹತ್ತಿರದ ಮೋಟರಿನ ಕ್ಲೇಮು ಅಲ್ಲಿಗೆ ತಿರಸ್ಕಾರ. ‘ಸುಟ್ಟೈತಂತ’ ಅಂದಮೇಲೆ ಅದು ಇವರು ಕಣ್ಣಾರೆ ಕಂಡದ್ದಲ್ಲ, ಅಂಗಡಿಯವರಿಂದ ಕೇಳಿದ್ದು. ಫೋನ್ ಮಾಡಿದೆ, ಬಿಚ್ಚಿದ್ದು ತಮ್ಮ ಮೆಕ್ಯಾನಿಕ್ಕೇ ಎಂದು ಅಂಗಡಿಯವರು ಒಪ್ಪಿದರು.

ಆಮೇಲಿಂದ ಅನುವಾದದ ಹಾಳೆಯಲ್ಲಿ ಮೂರು ಕಾಲಂ: ಅವರ ವಾಕ್ಯ, ಇಂಗ್ಲಿಷ್, ‘ಯಾರು ಮಾಡಿದ್ದು’. ಮೂರನೆಯದು ಖಾಲಿ ಉಳಿದರೆ ಊಹಿಸುವುದಿಲ್ಲ, ಫೋನೇ.

ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಇಳಿಸುವುದು ನಮ್ಮಲ್ಲಿದ್ದ ಪದ್ಧತಿ. ‘ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ’ ಅಂತ ಶುರುವಾಗಿ, ಮೋಟರ್ ಸರಿಯಾಗುತ್ತದೋ ಇಲ್ಲವೋ ಅನ್ನುವುದು ನಾಲ್ಕನೇ ಸಾಲಿಗೆ ಬರುತ್ತಿತ್ತು. ನಾನು ಕನ್ನಡದಲ್ಲೇ ಬರೆದೆ, ಅವರು ಕೇಳಿದ ಕ್ರಮದಲ್ಲೇ:

‘ನಮಸ್ಕಾರ. ನಿಮ್ಮ ಮೋಟರನ್ನು ವಾರಂಟಿಯಲ್ಲೇ ರಿಪೇರಿ ಮಾಡಿಕೊಡುತ್ತೇವೆ. ಬಿಚ್ಚಿದ್ದು ತಮ್ಮ ಮೆಕ್ಯಾನಿಕ್ ಎಂದು ಅಂಗಡಿಯವರು ತಿಳಿಸಿದ್ದಾರೆ. ವೈಂಡಿಂಗ್ ಹೊಸದಾಗಿ ಆಗುತ್ತದೆ, ಅದಕ್ಕೆ ನೀವು ಏನೂ ಕೊಡಬೇಕಾಗಿಲ್ಲ. ಆದರೆ ಎತ್ತಿ ಇಳಿಸುವ ಖರ್ಚು ವಾರಂಟಿಯಲ್ಲಿ ಬರುವುದಿಲ್ಲ. ಆ ಆರು ಸಾವಿರವನ್ನು ನಮ್ಮಿಂದ ಕೊಡಲು ಆಗುವುದಿಲ್ಲ.’

‘ಆಗುವುದಿಲ್ಲ’ವನ್ನು ‘ಪರಿಶೀಲಿಸಲಾಗುವುದು’ ಎಂದು ಮೆತ್ತಗೆ ಮಾಡಲು ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಹಾಗೆ ಬರೆದರೆ ಮುಂದಿನ ವಾರ ಅದೇ ಆರು ಸಾವಿರಕ್ಕೆ ಇನ್ನೊಂದು ಮೇಲ್ ಬರುತ್ತದೆ.

ಪುಣೆಯಿಂದ ಬಂದ ನಮ್ಮ ಮ್ಯಾನೇಜರ್, ‘ಓದಲು ಬಾರದ್ದಕ್ಕೆ ಸಹಿ ಹೇಗೆ ಹಾಕಲಿ?’ ಅಂದರು. ಪ್ರತಿ ವಾಕ್ಯದ ಪಕ್ಕ ಅದರ ಇಂಗ್ಲಿಷ್ ಇಟ್ಟೆ. ಮಾತು ಕೊಟ್ಟ ಸಾಲುಗಳಿಗೆ ಹಳದಿ, ಇಲ್ಲ ಅಂದ ಸಾಲಿಗೆ ಕೆಂಪು. ಹತ್ತು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ರೈತರ ಉತ್ತರ: ‘ಆತ್ರಿ, ಗುರುವಾರ ಮೋಟರ್ ಕಳಸ್ತೀನಿ.’

ಅವರ ಗದಗಿನ ಧಾಟಿಯಲ್ಲೇ ಬರೆದರೆ ಹೇಗೆ ಅಂತ ಒಂದು ಕರಡು ಮಾಡಿ ಹುಬ್ಬಳ್ಳಿಯ ಸಹೋದ್ಯೋಗಿಗೆ ತೋರಿಸಿದ್ದೆ. ‘ಅಣಕಿಸಿದಂಗ ಐತ್ರಿ’ ಅಂದರು. ಹಾಗಾಗಿ ನಮ್ಮದು ಸಾದಾ ಬರಹದ ಕನ್ನಡ, ವಸ್ತುಗಳ ಹೆಸರು ಮಾತ್ರ ಅವರು ಬರೆದಂತೆಯೇ. ಈಗ ರೋಮನ್ ಲಿಪಿಯಲ್ಲಿ ಕನ್ನಡ ಬರೆಯುವವರಿಗೆ ರೋಮನ್‌ನಲ್ಲೇ ಉತ್ತರಿಸಿ ನೋಡುತ್ತಿದ್ದೇನೆ.