ಟೊಮೆಟೊಗೆ ನಾಟಿದ ಔಷಧಿ ಪರಂಗಿಗೆ ಯಾಕೆ ನಾಟಲಿಲ್ಲ?

ಮಂಡ್ಯದ ಹತ್ತಿರ, ನಾಲೆಯ ಕೆಳಗಿನ ನಮ್ಮ ಜಮೀನಿನಲ್ಲಿ ಒಂದು ವರ್ಷ ಟೊಮೆಟೊ, ಪರಂಗಿ ಅಕ್ಕಪಕ್ಕ ಹಾಕಿದ್ದೆ. ಎರಡಕ್ಕೂ ಒಂದೇ ಕೀಟನಾಶಕ ಹೊಡೆದೆ. ಟೊಮೆಟೊದಲ್ಲಿ ಮುಟುರು ರೋಗ ಸ್ವಲ್ಪ ತಗ್ಗಿತು. ಪರಂಗಿಯಲ್ಲಿ ಐದು ಸಲ ಹೊಡೆದರೂ ಎಲೆ ಹಳದಿ ತಿರುಗಿ, ಕಾಯಿ ಮೇಲೆ ಉಂಗುರ ಬಿದ್ದೇ ಬಿದ್ದವು. ಅಂಗಡಿಯವರು ‘ಡೋಸ್ ಜಾಸ್ತಿ ಮಾಡಿ’ ಅಂದರು. ತಪ್ಪಿದ್ದದ್ದು ಡೋಸಿನಲ್ಲಲ್ಲ. ಎರಡೂ ವೈರಸ್ ರೋಗವೇ, ಆದರೆ ಹುಳು ಅವನ್ನು ಹೊತ್ತು ತರುವ ರೀತಿ ಬೇರೆ.

ಟೊಮೆಟೊಗೆ ಮುಟುರು ತರುವುದು ಬಿಳಿ ನೊಣ. ರೋಗದ ಗಿಡದ ರಸವನ್ನು ಸುಮಾರು ಅರ್ಧ ಗಂಟೆ ಹೀರಿದರೆ ವೈರಸ್ ಅದರ ಹೊಟ್ಟೆ ಸೇರುತ್ತದೆ. ಅಲ್ಲಿಂದ ರಕ್ತಕ್ಕೆ, ಕೊನೆಗೆ ಜೊಲ್ಲಿಗೆ. ಇದಕ್ಕೆ ಹಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಬೇಕು. ಆಮೇಲೆ ಅದು ಬದುಕಿರುವಷ್ಟು ದಿನ ಹೆಚ್ಚುಕಮ್ಮಿ ರೋಗ ಹಂಚುತ್ತಲೇ ಇರುತ್ತದೆ. ನಡುವೆ ಈ ಬಿಡುವು ಇರುವುದರಿಂದಲೇ ಔಷಧಿಗೆ ಕೆಲಸ ಮಾಡಲು ಸಮಯ ಸಿಗುವುದು.

ಪರಂಗಿಯ ಉಂಗುರ ಚುಕ್ಕೆ ರೋಗ ತರುವುದು ರೆಕ್ಕೆ ಬಂದ ಗಿಡಹೇನು. ಅದಕ್ಕೆ ಪರಂಗಿ ಊಟವೇ ಅಲ್ಲ. ಸಂತೆಯಲ್ಲಿ ಒಂದೊಂದು ಗುಡ್ಡೆಯಲ್ಲೂ ಕಡಲೆಕಾಯಿ ಬಾಯಿಗೆ ಹಾಕಿಕೊಂಡು, ಕೊಳ್ಳದೆ ಮುಂದೆ ಹೋಗುವವರಿಲ್ಲವೇ, ಹಾಗೆ. ಎಲೆಗೆ ಮೂತಿ ಚುಚ್ಚಿ ಕೆಲವೇ ಸೆಕೆಂಡು ರುಚಿ ನೋಡುತ್ತದೆ, ಹಾರಿಹೋಗುತ್ತದೆ. ಅಷ್ಟರಲ್ಲೇ ವೈರಸ್ ಮೂತಿಗೆ ಅಂಟಿರುತ್ತದೆ, ಮುಂದಿನ ಗಿಡದಲ್ಲಿ ಬಿಟ್ಟೂ ಆಗಿರುತ್ತದೆ. ಔಷಧಿಯಿಂದ ಹೇನು ಸಾಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಕೆಲವು ಔಷಧಿಗಳಿಂದ ಹೇನು ಗಾಬರಿಯಾಗಿ ಇನ್ನಷ್ಟು ಗಿಡಕ್ಕೆ ಚುಚ್ಚುವುದೂ ಉಂಟು.

ಮೊದಲು ರೋಗ ಹೌದೋ ಅಲ್ಲವೋ ನೋಡಿ

ನಮ್ಮ ಕಡೆ ಇದು ಮುಖ್ಯ, ಯಾಕೆಂದರೆ ಪಕ್ಕದಲ್ಲೇ ಕಬ್ಬು ಇರುತ್ತದೆ. ಕಬ್ಬಿನ ಕಳೆಗೆ ಹೊಡೆದ 2,4-ಡಿ ಗಾಳಿಗೆ ಬಂದರೂ ಟೊಮೆಟೊ ಎಲೆ ಮುರುಟುತ್ತದೆ. ಕಬ್ಬಿನ ಬದಿಯ ಸಾಲುಗಳೆಲ್ಲ ಒಟ್ಟಿಗೇ ಕೆಟ್ಟು, ಎಲೆ ಸಣ್ಣಗೆ ಉದ್ದವಾಗಿ, ಕಾಂಡ ತಿರುಚಿಕೊಂಡಿದ್ದರೆ ಕಳೆನಾಶಕದ ಮೇಲೆ ಅನುಮಾನ ಪಡಿ. ವೈರಸ್ ಆದರೆ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗುತ್ತದೆ: ಎಲೆ ಚಿಕ್ಕದಾಗಿ, ಅಂಚು ಮೇಲಕ್ಕೆ ಮಡಚಿ, ಗಿಡ ಕುಳ್ಳಗೆ ಪೊದೆಯಂತಾಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಎಲೆಯನ್ನು ಮೆಲ್ಲಗೆ ಮಗುಚಿ. ಬಿಳಿ ನೊಣ ಆಗ ಬೇಗ ಹಾರುವುದಿಲ್ಲ.

ಟೊಮೆಟೊ: ಸಸಿಯಲ್ಲೇ ಕಾಯಿರಿ

ಎಳೆಯದರಲ್ಲೇ ರೋಗ ಬಂದ ಗಿಡದಿಂದ ಕಾಯಿ ಸಿಗುವುದು ಅಷ್ಟಕ್ಕಷ್ಟೆ. ಹೂ ಬಿಟ್ಟ ಮೇಲೆ ಬಂದರೆ ಒಂದಿಷ್ಟಾದರೂ ಸಿಗುತ್ತದೆ. ಹಾಗಾಗಿ ಪ್ರೊಟ್ರೇಗಳನ್ನು 40 ರಿಂದ 50 ಮೆಶ್ ನೈಲಾನ್ ಪರದೆಯೊಳಗೆ ಇಡಿ. ಹಸಿರು ನೆರಳು ಬಲೆ ಸಾಲದು, ಅದರ ಕಣ್ಣಿನಲ್ಲಿ ನೊಣ ಆರಾಮಾಗಿ ನುಸುಳುತ್ತದೆ. ನೀರು ಹಾಕಲು ಹೋದಾಗ ಬಾಗಿಲು ತೆರೆದಿಟ್ಟರೆ ಪರದೆ ಸುಮ್ನೆ ಖರ್ಚು.

ಸಸಿ 25 ದಿನದ ಹೊತ್ತಿಗೆ ನಾಟಿಗೆ ಬರುತ್ತದೆ. ನಾಟಿಯ ಹಿಂದಿನ ದಿನ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಲೀಟರಿಗೆ 0.3 ಮಿ.ಲೀ. ಬೆರೆಸಿ ಸಿಂಪಡಿಸಿ. ಆಮೇಲೂ ಅದನ್ನೇ ಮತ್ತೆ ಮತ್ತೆ ಹೊಡೆದರೆ ನೊಣಕ್ಕೆ ಅಭ್ಯಾಸವಾಗಿಬಿಡುತ್ತದೆ, ಬೇರೆ ಗುಂಪಿನ ಔಷಧಿಗೆ ಬದಲಿಸಿ. ಹೊರಗಿನಿಂದ ರೋಗ ಹೊತ್ತೇ ಬರುವ ನೊಣವನ್ನು ಯಾವ ಔಷಧಿಯೂ ಪೂರ್ತಿ ತಡೆಯುವುದಿಲ್ಲ.

ರೋಗದ ಗಿಡವನ್ನು ಹಾಗೇ ಎಳೆದು ಬದುವಿಗೆ ಎಸೆಯಬೇಡಿ. ನಾನು ಹಾಗೆ ಮಾಡಿದಾಗ ನೊಣಗಳೆಲ್ಲ ಬೂದಿ ಹಾರಿದಂತೆ ಎದ್ದು ಪಕ್ಕದ ಗಿಡಗಳ ಮೇಲೆ ಕೂತವು. ಮುಂಜಾನೆ ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಕವುಚಿ, ಬುಡದಲ್ಲಿ ಬಾಯಿ ಹಿಡಿದು, ಬೇರು ಸಮೇತ ಕಿತ್ತು, ಚೀಲ ಬಿಗಿದು ಬಿಸಿಲಿಗಿಡಿ.

ಪರಂಗಿ: ಸುತ್ತ ಜೋಳದ ಬೇಲಿ

ಪರಂಗಿ ನೆಡುವ ಒಂದು ತಿಂಗಳು ಮೊದಲೇ ಜಮೀನಿನ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಒತ್ತಾಗಿ ಬಿತ್ತಿ. ಹಾರಿ ಬಂದ ಹೇನು ಮೊದಲು ಜೋಳಕ್ಕೆ ಚುಚ್ಚುತ್ತದೆ. ಮೂತಿಗೆ ಅಂಟಿದ್ದ ವೈರಸ್ ಅಲ್ಲೇ ಉಳಿಯುತ್ತದೆ, ಜೋಳಕ್ಕೆ ಆ ರೋಗ ತಗಲುವುದಿಲ್ಲ. ಎರಡು ಮೂರು ಸಲ ಚುಚ್ಚುವಷ್ಟರಲ್ಲಿ ಮೂತಿ ಒರೆಸಿದಂತೆ. ಜೋಳ, ಪರಂಗಿ ಒಂದೇ ದಿನ ಹಾಕಿದರೆ ಬೇಲಿ ಎತ್ತರವಾಗುವ ಮೊದಲೇ ಹೇನು ಒಳಗೆ ಬಂದಿರುತ್ತದೆ. ನನಗೆ ಆದದ್ದೂ ಅದೇ.

ಹತ್ತಿರದಲ್ಲಿ ಸೌತೆ, ಕುಂಬಳ ಬೇಡ, ಈ ವೈರಸ್ ಆ ಬಳ್ಳಿಗಳಲ್ಲೂ ಬದುಕುತ್ತದೆ. ವಾರಕ್ಕೊಮ್ಮೆ ಎಳೆಯ ಎಲೆತೊಟ್ಟು, ಕಾಂಡದ ತುದಿ ನೋಡಿ. ಎಣ್ಣೆ ಸವರಿದಂತೆ ಕಡು ಹಸಿರು ಗೀರು ಕಂಡರೆ ಆ ಗಿಡ ಅವತ್ತೇ ಕೀಳಬೇಕು. ಕಾಯಿ ಮೇಲೆ ಉಂಗುರ ಬರುವವರೆಗೆ ಕಾದರೆ ಅಷ್ಟರಲ್ಲಿ ಅದು ಅಕ್ಕಪಕ್ಕಕ್ಕೆ ಹಂಚಿ ಆಗಿರುತ್ತದೆ. ಬೇಲಿ ಹಾಕಿದರೂ ರೋಗ ಬರುತ್ತದೆ, ತಡವಾಗಿ ಬರುತ್ತದೆ ಅಷ್ಟೆ. ಆದರೆ ಕಾಯಿ ಕಚ್ಚುವವರೆಗೆ ಅದನ್ನು ಮುಂದೂಡಿದರೆ ಮೊದಲ ಕೊಯ್ಲು ಕೈಗೆ ಸಿಗುತ್ತದೆ.