16 ತಂಡಗಳ ಪಂದ್ಯಾವಳಿ, ಒಂದೇ ಒಂದು ಕೊನೆಯ ರೈಡ್

ಮಂಡ್ಯದ ಬಳಿಯ ಹಳ್ಳಿಯೊಂದರಲ್ಲಿ ಎರಡು ರಾತ್ರಿ ನಡೆದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ಆಧರಿಸಿ ನಾನು ಚಿತ್ರಕಥೆ ಬರೆದೆ. 16 ತಂಡಗಳ ನಾಕೌಟ್ ಎಂದರೆ ಒಟ್ಟು 15 ಪಂದ್ಯಗಳು. ಗೆದ್ದ ತಂಡ ಆಡಿದ್ದು ನಾಲ್ಕು. ಚಿತ್ರದಲ್ಲಿ ಆಟಕ್ಕೆ ಸಿಕ್ಕಿದ್ದು 22 ನಿಮಿಷ, ಅಂದರೆ ಒಂದು ಪಂದ್ಯದ ಅರ್ಧ ಅವಧಿಗಿಂತ ಸ್ವಲ್ಪವೇ ಹೆಚ್ಚು.

ಮೊದಲೆರಡು ಸುತ್ತುಗಳನ್ನು ಅಂಕಫಲಕದ ಮೇಲೆಯೇ ಮುಗಿಸಿದೆವು. ನಿಜವಾದ ತೊಡಕು ಫೈನಲ್‌ನದಾಗಿತ್ತು. ಅದು 34–21ರ ಏಕಪಕ್ಷೀಯ ಆಟ. ಜಿದ್ದಾಜಿದ್ದಿ ನಡೆದದ್ದು ಸೆಮಿಫೈನಲ್‌ನಲ್ಲಿ. ಆದ್ದರಿಂದ ಸೆಮಿಫೈನಲ್‌ನ ಎದುರಾಳಿಯನ್ನೇ ಫೈನಲ್‌ಗೆ ತಂದೆ. ಕ್ವಾರ್ಟರ್ ಫೈನಲ್‌ನಲ್ಲೇ ಮುಖ್ಯ ರೈಡರ್‌ನ ಕಣಕಾಲು ಉಳುಕಿ, ಬದಲಿ ಹುಡುಗ ಮುಂದಿನ ಪಂದ್ಯಗಳನ್ನು ಆಡಿದ್ದ. ಚಿತ್ರದಲ್ಲಿ ಆ ಗಾಯವನ್ನು ಫೈನಲ್‌ನ ದ್ವಿತೀಯಾರ್ಧಕ್ಕೆ ಸರಿಸಿದೆ. ಮೊದಲೇ ಎರಡು ಪಂದ್ಯ ಆಡಿ ಪಳಗಿದ ಹುಡುಗನ ಬಗ್ಗೆ ಪ್ರೇಕ್ಷಕನಿಗೆ ಆತಂಕ ಉಳಿಯುವುದಿಲ್ಲ.

ಎಡವಿದ್ದು ಕೊನೆಯ ರೈಡ್‌ನಲ್ಲಿ. ಒಂದು ಅಂಕದ ಹಿನ್ನಡೆಯಲ್ಲಿ ಆ ಹುಡುಗ ‘ಡು ಆರ್ ಡೈ’ ರೈಡ್‌ಗೆ ಹೋಗುತ್ತಾನೆಂದು ಬರೆದು, ಮೈಸೂರಿನ ಹಿರಿಯ ತರಬೇತುದಾರರೊಬ್ಬರಿಗೆ ಓದಿ ಹೇಳಿದೆ. ಅವರು ಅಲ್ಲೇ ತಡೆದರು: “ಅಲ್ಲಪ್ಪ, ಇವರು ಹಿಂದಿನ ರೈಡ್‌ನಲ್ಲೇ ಪಾಯಿಂಟ್ ತಂದವ್ರೆ. ಈಗ ಡು ಆರ್ ಡೈ ಎಲ್ಲಿಂದ ಬಂತು?” ಅವರ ಮಾತು ಸರಿಯಾಗಿತ್ತು. ಒಂದು ತಂಡದ ಎರಡು ರೈಡ್‌ಗಳು ಸತತವಾಗಿ ಬರಿಗೈಯಲ್ಲಿ ಮುಗಿದರೆ ಮಾತ್ರ ಮೂರನೆಯದು ಹಾಗಾಗುತ್ತದೆ. ಅದರಲ್ಲೂ ಅಂಕ ಬಾರದಿದ್ದರೆ ರೈಡರ್ ಔಟ್.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿದೆ. ತಂಡಗಳು ಸರದಿಯಂತೆ ರೈಡ್ ಮಾಡುವುದರಿಂದ, ನಮ್ಮವರ ಎರಡು ಬರಿ ರೈಡ್‌ಗಳ ಜೊತೆಗೆ ಎದುರಾಳಿಯ ಎರಡೂ ಸೇರಬೇಕು. ತಲಾ 30 ಸೆಕೆಂಡಿನಂತೆ ಎರಡು ನಿಮಿಷ; ಕೊನೆಯದಕ್ಕೆ ಇನ್ನರ್ಧ ನಿಮಿಷ. ಆದ್ದರಿಂದ ಗಡಿಯಾರ 2:30 ತೋರಿಸುವಾಗ ಅಂಕ 27–28ಕ್ಕೆ ನಿಂತುಬಿಡಬೇಕು. ಆದರೆ ಹಿಂದೆ ಬಿದ್ದ ತಂಡ ಸುಮ್ಮನೆ ಎರಡು ರೈಡ್ ಕಳೆಯುವುದಾದರೂ ಏಕೆ? ಇದಕ್ಕೆ ಕಾರಣ ಹುಡುಕಲು ನನಗೆ ಅತಿ ಹೆಚ್ಚು ಸಮಯ ಹಿಡಿಯಿತು. ಕೊನೆಗೆ ನಮ್ಮ ಅಂಕಣದಲ್ಲಿ ಮೂವರನ್ನಷ್ಟೇ ಉಳಿಸಿದೆ. ಮೂವರೋ ಅದಕ್ಕಿಂತ ಕಡಿಮೆಯೋ ಇರುವಾಗ ಎದುರಾಳಿ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಅಂದರೆ ಎರಡು ಅಂಕ. ಆ ಆಸೆಯಿಂದಲೇ ನಾಯಕ ಕಾಯುತ್ತಾನೆ. ಇದನ್ನರಿತ ಎದುರಾಳಿಗಳು ರೈಡರ್ ದಾಟಲೇಬೇಕಾದ ಬಾಕ್ ಲೈನನ್ನಷ್ಟೇ ದಾಟಿ ಹಿಂದಿರುಗುತ್ತಾರೆ. ಅವರ ಕಡೆ ಐವರನ್ನಷ್ಟೇ ಇಟ್ಟೆ. ಆರು ಮಂದಿಯಿದ್ದರೆ ಬೋನಸ್ ಗೆರೆ ದಾಟಿಯೇ ಸಮಬಲ ಸಾಧಿಸಬಹುದಿತ್ತು. ಈಗ ಗೆಲ್ಲಲು ಹುಡುಗ ಇಬ್ಬರನ್ನು ಮುಟ್ಟಿಯೇ ಮರಳಬೇಕು.

ಸಂಕಲನದ ವೇಳೆ ಆ ಬರಿ ರೈಡ್‌ಗಳು ಬೇಸರ ತರಿಸುತ್ತವೆಂದು ತೆಗೆಯಲು ಹೊರಟಾಗ ನಾನು ಒಪ್ಪಲಿಲ್ಲ. ಒಂದೊಂದನ್ನೂ ಎಂಟು ಸೆಕೆಂಡಿಗೆ ಇಳಿಸಿದೆವು. ಮೊದಲ ಪ್ರದರ್ಶನದಲ್ಲಿ ಆ ತರಬೇತುದಾರರು ನನ್ನ ಪಕ್ಕದಲ್ಲೇ ಕುಳಿತು ನಮ್ಮವರ ಬರಿ ರೈಡ್‌ಗಳಿಗೆ ಒಂದು, ಎರಡು ಎಂದು ಬೆರಳು ಮಡಚಿದರು; ಮೂರನೆಯದಕ್ಕೆ ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡರು.