ರಿಟಚ್ ನಂಬುವಂತಿದೆಯೇ? ಹಿಸ್ಟರಿ ಸ್ನ್ಯಾಪ್‌ಶಾಟ್ ಹೇಳುತ್ತದೆ

"ಗ್ವಾಡಿಗಿ ಹಾಕೋ ಫೋಟೋಕ್ಕ ಇಷ್ಟು ಜೂಮ್ ಮಾಡಿ ಯಾರು ನೋಡ್ತಾರ್ರಿ?" ಎಂದು ಕಲಬುರಗಿಯ ಸ್ಟುಡಿಯೋದವರೇ ಕೇಳುತ್ತಿದ್ದರು. ಮೂರು ಇಂಚಿನ ಹಳೆ ಫೋಟೋ 12x18 ಆದಾಗ ರಿಟಚ್‌ನ ತಪ್ಪು ಎಲ್ಲರಿಗೂ ಕಾಣುತ್ತದೆ. ರಿಟಚ್‌ಗೆ ನಾನೂರೋ ಐನೂರೋ ಸಿಕ್ಕು, ಇನ್ನೂರರ ಪ್ರಿಂಟ್ ಎರಡು ಸಲ ತೆಗೆದರೆ ಉಳಿಯುವುದೇನು? ಫೋಟೋಶಾಪಿನ ಹಿಸ್ಟರಿ ಸ್ನ್ಯಾಪ್‌ಶಾಟ್‌ನಲ್ಲಿ ಒಂದೊಂದು ಹಂತವನ್ನು ಹಿಡಿದಿಟ್ಟು ಹಿಂದಿನದನ್ನೂ ಈಗಿನದನ್ನೂ ಹೋಲಿಸುವ ಪದ್ಧತಿ ಹಿಡಿದ ಮೇಲೆ ನನ್ನಲ್ಲಿ ಮರುಪ್ರಿಂಟ್ ಹೆಚ್ಚುಕಡಿಮೆ ನಿಂತೇಹೋಗಿದೆ.

ಆಳಂದ ಕಡೆಯ ಒಂದು ಕಪ್ಪುಬಿಳುಪು ಫೋಟೋ: ರುಮಾಲು ಸುತ್ತಿದ ಅಜ್ಜ, ಮಡಿಕೆಯ ಬಿರುಕು ಕೆನ್ನೆಯಿಂದ ಮೀಸೆಯವರೆಗೆ. 1200 ಡಿಪಿಐ ಸ್ಕ್ಯಾನ್. ಕ್ರಾಪ್ ಮೊದಲೇ ಮುಗಿಸಬೇಕು, ಆಮೇಲೆ ಅಳತೆ ಬದಲಾದರೆ ಹಿಂದಿನದೂ ಈಗಿನದೂ ಒಂದರ ಮೇಲೊಂದು ಕೂಡುವುದಿಲ್ಲ. ಆಗಲೇ ಮೊದಲ ಸ್ನ್ಯಾಪ್‌ಶಾಟ್. ಹೀಲಿಂಗ್ ಬ್ರಷ್ಷಿನ ಒಂದೊಂದು ಹೊಡೆತವೂ ಹಿಸ್ಟರಿ ಪಟ್ಟಿಯ ಒಂದೊಂದು ಸಾಲು, ಅಂದರೆ ಒಂದೊಂದು ಸ್ಟೇಟ್ ತಿನ್ನುತ್ತದೆ. ಮಾಮೂಲಿ 50 ಸ್ಟೇಟ್ ಕೆನ್ನೆ ಮುಗಿಯುವುದರೊಳಗೇ ಖಾಲಿ.

ಬಿರುಕು ಮುಚ್ಚಿದ ಮೇಲೆ `Alt` ಹಿಡಿದು ಹಿಸ್ಟರಿ ಪ್ಯಾನೆಲಿನ ಕ್ಯಾಮೆರಾ ಗುರುತು ಒತ್ತಿ, `Merged Layers` ಆರಿಸಿ ಇನ್ನೊಂದು ಸ್ನ್ಯಾಪ್‌ಶಾಟ್. `Ctrl+1` ಒತ್ತಿ ನೂರಕ್ಕೆ ನೂರು ಜೂಮ್‌ಗೆ ಬಂದು ಎರಡನ್ನೂ ಸರಸರನೆ ಬದಲಿಸಿ ನೋಡಬೇಕು. ಶೇ. 66.7ರಲ್ಲಿ ನೋಡಿದರೆ ಫಿಲ್ಮಿನ ಕಾಳು ತಾನಾಗಿಯೇ ನುಣುಪಾಗಿ ಕಂಡು ಮೋಸವಾಗುತ್ತದೆ. ಎರಡು ಕಿಟಕಿ ಅಕ್ಕಪಕ್ಕ ಇಟ್ಟೂ ನೋಡಿದೆ. ಕಣ್ಣು ಅತ್ತಿಂದಿತ್ತ ಹೋಗುವಷ್ಟರಲ್ಲಿ ವ್ಯತ್ಯಾಸ ಮರೆತುಹೋಗುತ್ತದೆ. ಒಂದೇ ಜಾಗದಲ್ಲಿ ಬದಲಾದರೆ ಮಾತ್ರ ಸಿಕ್ಕಿಬೀಳುತ್ತದೆ.

ಬಿರುಕು ಮಾತ್ರ ಮಾಯವಾಗಿ ಮಿಕ್ಕದ್ದು ಅಲುಗದಿದ್ದರೆ ಕೆಲಸ ಸರಿ. ಅಜ್ಜನ ಕೆನ್ನೆಯಲ್ಲಿ ಎರಡು ತಪ್ಪು ಕಂಡವು. ಮೀಸೆಯ ಅಂಚಿನಲ್ಲಿ ಹೀಲಿಂಗ್ ಬ್ರಷ್ ಕಪ್ಪನ್ನು ಚರ್ಮಕ್ಕೆ ಎಳೆದು ಬೂದು ಮಸಿ ಮಾಡಿತ್ತು. ಅಲ್ಲಿ ಕ್ಲೋನ್ ಸ್ಟ್ಯಾಂಪೇ ಬೇಕು. ಎರಡನೆಯದು, ತೇಪೆ ಹಾಕಿದಲ್ಲಿ ಫಿಲ್ಮಿನ ಕಾಳು ಹೋಗಿ ಮೇಣ ಸವರಿದಂತಾಗಿತ್ತು. ಕಣ್ಣಿಗೆ ಅನುಮಾನವಿದ್ದರೆ ತೇಪೆಯ ಮೇಲೊಂದು ಸಣ್ಣ ಚೌಕ ಆಯ್ದು ಹಿಸ್ಟೋಗ್ರಾಮಿನಲ್ಲಿ ಹೊಳಪಿನ ಏರಿಳಿತ ತೋರುವ `Std Dev` ಓದಿ, ಪಕ್ಕದ ಮುಟ್ಟದ ಚರ್ಮದಲ್ಲೂ ಓದಿ. ಅಲ್ಲಿ ಏಳರ ಹತ್ತಿರ ಇತ್ತು, ತೇಪೆಯಲ್ಲಿ ಮೂರು. 50% ಬೂದು ತುಂಬಿದ ಓವರ್‌ಲೇ ಲೇಯರಿನಲ್ಲಿ ಏಕವರ್ಣದ ನಾಯ್ಸ್ ಹಾಕಿ, ಚೂರು ಮಸುಕು ಮಾಡಿ ಸರಿದೂಗಿಸಿದೆ. ಮಸುಕಿನ ನನ್ನ ಅಳತೆ ಇಲ್ಲಿ ಹೇಳುವುದಿಲ್ಲ, ಸ್ಕ್ಯಾನರ್ ನೋಡಿ ನೀವೇ ಕಂಡುಕೊಳ್ಳಿ.

ಹಳೆ ಸ್ನ್ಯಾಪ್‌ಶಾಟ್ ಮೇಲಿದ್ದಾಗ ಬ್ರಷ್ ಮುಟ್ಟಿಸಬೇಡಿ, ಮುಂದಿನ ಸ್ಟೇಟ್‌ಗಳು ಅಳಿಸಿಹೋಗುತ್ತವೆ. ಪಟ್ಟಿಯ ಕೊನೆಯ ಸಾಲು ಒತ್ತಿಯೇ ಕೆಲಸಕ್ಕೆ ಮರಳಿ. ಫೈಲ್ ಮುಚ್ಚಿದರೆ ಸ್ನ್ಯಾಪ್‌ಶಾಟ್ ಒಂದೂ ಉಳಿಯದು. ನಾಳೆಯೂ ಹೋಲಿಸಿ ನೋಡುವುದಿದ್ದರೆ `Ctrl+Alt+Shift+E` ಒತ್ತಿ ಆ ಹಂತವನ್ನು ಲೇಯರ್ ಮಾಡಿಕೊಂಡು ಪಿಎಸ್‌ಡಿಯಲ್ಲಿ ಉಳಿಸಿ.